ಸಂಬಳದ ಫೈಲಿನಲ್ಲಿ ಎಲ್‌ಒಪಿ ಒಂದು ಸಾಲು ಜಾರಿದಾಗ ಬರೆದ ಮೇಲ್

ಹಾಸನದ ನಮ್ಮ ಕಾಫಿ ಕ್ಯೂರಿಂಗ್ ಘಟಕದ ಸಂಬಳದ ಲೆಕ್ಕ ಬೆಂಗಳೂರಿನ ಪೇರೋಲ್ ಸಂಸ್ಥೆಯೊಂದರಲ್ಲಿ ಆಗುತ್ತದೆ, ಹಾಜರಿ ಫೈಲ್ ನಾವು ಕಳಿಸುತ್ತೇವೆ. ಅಕ್ಟೋಬರ್ ಫೈಲಿನ ತಪ್ಪು ನಮ್ಮದೇ. ಎಕ್ಸೆಲ್‌ನಲ್ಲಿ ಪೂರ್ತಿ ಸಾಲು ಸೇರಿಸುವ ಬದಲು ಎಲ್‌ಒಪಿ, ಅಂದರೆ ಸಂಬಳವಿಲ್ಲದ ರಜೆಯ ಕಾಲಂನಲ್ಲಿ ಮಾತ್ರ ಒಂದು ಸೆಲ್ ಸೇರಿಸಿದ್ದರಿಂದ ಕೆಳಗಿನ ಅಂಕಿಗಳೆಲ್ಲ ಒಂದು ಸಾಲು ಜಾರಿದವು. ಅಲ್ಲಿಂದ ಕೆಳಗೆ ಅಂಥ ರಜೆ ಇದ್ದದ್ದು ನೌಕರರ ಕೋಡ್ 0148ಕ್ಕೆ ಮಾತ್ರ, 2 ದಿನ. ಆ 2 ದಿನ 0149ರ ತಲೆಗೆ ಬಿತ್ತು. ಎಲ್‌ಒಪಿ ದಿನಗಳ ಒಟ್ಟು ಮಾತ್ರ ಸರಿಯಾಗಿಯೇ ಇತ್ತು, ಹಾಗಾಗಿ ಒಟ್ಟು ನೋಡಿ ಸುಮ್ಮನಾಗುವವರಿಗೆ ಇದು ಸಿಗುವುದಿಲ್ಲ. ಕೋಡ್ ಹಿಡಿದು ಹಾಜರಿ ಶೀಟಿನೊಂದಿಗೆ ತಾಳೆ ನೋಡಬೇಕು, ಎರಡರಲ್ಲೂ A ಕಾಲಂ ಕೋಡ್, C ಕಾಲಂ ಎಲ್‌ಒಪಿ:

```
=VLOOKUP(A2,Hajari!A:C,3,FALSE)-C2
```

ಉತ್ತರ 0 ಅಲ್ಲದ ಸಾಲು ತಪ್ಪಿನ ಸಾಲು. `#N/A` ಬಂದರೆ ಬಹುಪಾಲು ಒಂದು ಶೀಟಿನಲ್ಲಿ ಕೋಡ್ 0148 ಎಂದು ಟೆಕ್ಸ್ಟ್ ಆಗಿಯೂ ಇನ್ನೊಂದರಲ್ಲಿ 148 ಎಂದು ಸಂಖ್ಯೆಯಾಗಿಯೂ ಇರುತ್ತದೆ.

ಬ್ಯಾಂಕ್ ಫೈಲ್ ಇನ್ನೂ ಹೋಗಿರಲಿಲ್ಲ. ಮೇಲ್ ಹೀಗಿತ್ತು:

ವಿಷಯ: ಅಕ್ಟೋಬರ್ ಸಂಬಳ – ಬ್ಯಾಂಕ್ ಫೈಲ್ ತಡೆಹಿಡಿಯಿರಿ – 2 ನೌಕರರ ಎಲ್‌ಒಪಿ ತಿದ್ದುಪಡಿ

ನಮಸ್ಕಾರ ಮೇಡಂ,
ನಾವು ಕಳಿಸಿದ `HAJARI_OCT_V1.csv` ಫೈಲಿನಲ್ಲಿ ಇಬ್ಬರ ಎಲ್‌ಒಪಿ ತಪ್ಪಾಗಿದೆ.
0148: ಫೈಲಿನಲ್ಲಿ 0 ದಿನ, ಇರಬೇಕಾದ್ದು 2. ಗ್ರಾಸ್ 18,600ರಿಂದ 17,400ಕ್ಕೆ ಇಳಿಯಬೇಕು.
0149: ಫೈಲಿನಲ್ಲಿ 2 ದಿನ, ಇರಬೇಕಾದ್ದು 0. ಗ್ರಾಸ್ 14,500ರಿಂದ 15,500ಕ್ಕೆ ಏರಬೇಕು.
ಉಳಿದವರದ್ದು ಬದಲಾಗುವುದಿಲ್ಲ. ಒಟ್ಟು ಗ್ರಾಸ್ 200 ರೂಪಾಯಿ ಕಡಿಮೆಯಾಗಬೇಕು. ಪಿಎಫ್, ಇಎಸ್‌ಐ ಮರು ಲೆಕ್ಕ ಮಾಡಿ, ಹೊಸ ರಿಜಿಸ್ಟರ್ ಕಳಿಸಿ. ನಾವು ಒಪ್ಪಿಗೆ ಕೊಟ್ಟ ಮೇಲೆ ಬ್ಯಾಂಕ್ ಫೈಲ್ ಬಿಡಿ. ತಿದ್ದಿದ `HAJARI_OCT_V2.csv` ಲಗತ್ತಿಸಿದೆ. ಹಳೆಯದನ್ನು ಬಳಸಬೇಡಿ.

ನೆಟ್ ಮೊತ್ತವನ್ನು ಬೇಕೆಂದೇ ಬರೆಯಲಿಲ್ಲ. ನೆಟ್ ಕೊಟ್ಟರೆ ಕೆಲವರು ಅದನ್ನೇ ಕೈಯಲ್ಲಿ ಟೈಪ್ ಮಾಡಿ ಕೂರಿಸಿಬಿಡುತ್ತಾರೆ, ಆಗ ಕಡಿತಗಳೆಲ್ಲ ಹಳೆಯ ಗ್ರಾಸ್ ಮೇಲೆಯೇ ಉಳಿಯುತ್ತವೆ. ಗ್ರಾಸ್ ಕೊಟ್ಟರೆ ಅವರ ಉತ್ತರವನ್ನು ಪರೀಕ್ಷಿಸಲೂ ಬರುತ್ತದೆ. ನಮ್ಮಲ್ಲಿ ಗ್ರಾಸ್ ಪೂರ್ತಿ ಇಎಸ್‌ಐಗೆ ಒಳಪಡುತ್ತದೆ, ನೌಕರರ ಪಾಲು ಶೇ. 0.75, ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರುತ್ತದೆ. ಹಾಗಾಗಿ 0149ರ ಕಡಿತ 109ರಿಂದ 117 ಆಗಲೇಬೇಕು. 109 ಎಂದೇ ಬಂದರೆ ಮರು ಲೆಕ್ಕ ಆಗಿಲ್ಲ. ದಿನದ ದರಕ್ಕೆ ನಾವು 31ರಿಂದ ಭಾಗಿಸುತ್ತೇವೆ. 26ರಿಂದ ಭಾಗಿಸುವ ಕಡೆ ಈ ಗ್ರಾಸ್ ಹೊಂದುವುದಿಲ್ಲ.

ಹೆಸರು, ಖಾತೆ ಸಂಖ್ಯೆ, ಆಧಾರ್ ಮೇಲ್‌ನಲ್ಲಿ ಹಾಕಲಿಲ್ಲ, ಕೋಡ್ ಸಾಕು.

ದುಡ್ಡು ಖಾತೆಗೆ ಹೋಗಿಬಿಟ್ಟಿದ್ದರೆ ಕೋರಿಕೆಯೇ ಬೇರೆ. 0149ಕ್ಕೆ ಬಾಕಿಯನ್ನು ಕೂಡಲೇ ಪ್ರತ್ಯೇಕ ಪಾವತಿಯಾಗಿ ಕೊಡಿ, 0148ರ ಹೆಚ್ಚುವರಿಯನ್ನು ಅವರಿಗೆ ಲಿಖಿತವಾಗಿ ತಿಳಿಸಿ ಮುಂದಿನ ತಿಂಗಳು ಹಿಡಿಯಿರಿ ಎಂದು ಬರೆಯಬೇಕು. ಪಿಎಫ್, ಇಎಸ್‌ಐ ಎರಡಕ್ಕೂ ಮುಂದಿನ ತಿಂಗಳ 15 ಕೊನೆಯ ದಿನ. ಅದಕ್ಕೆ ಮುಂಚೆಯೇ ತಿದ್ದುಪಡಿ ಚಲನ್‌ಗೆ ಸೇರಬೇಕು.