‘ಚೊಲೋ ಮಾಡ್ಯಾರ’ ಎಂದಷ್ಟೇ ಬರೆಸಿಕೊಂಡರೆ ಸಾಲದು

ಹುಬ್ಬಳ್ಳಿಯ ಫ್ರೀಲಾನ್ಸ್ ಡಿಸೈನರ್ ಒಬ್ಬರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಪ್ಯಾಕೆಟ್ ಲೇಬಲ್, ವಾಟ್ಸ್ಆ್ಯಪ್ ಕ್ಯಾಟಲಾಗ್ ಮಾಡಿಕೊಟ್ಟಿದ್ದಾರೆ ಎಂದುಕೊಳ್ಳಿ. ‘ನಾಲ್ಕು ಸಾಲು ಅಭಿಪ್ರಾಯ ಬರೆದುಕೊಡಿ’ ಎಂದರೆ ಬರುವ ಉತ್ತರ: ‘ಚೊಲೋ ಮಾಡ್ಯಾರ, ಥ್ಯಾಂಕ್ಸ್’, ಜೊತೆಗೆ ಕೈಮುಗಿದ ಎಮೋಜಿ. ಪ್ರೀತಿಯ ಮಾತೇ. ಆದರೆ ಪ್ರೊಫೈಲ್ ನೋಡುವ ಹೊಸ ಗಿರಾಕಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಬಿಲ್ ಕೊಡುವ ದಿನವೇ ಕೇಳಬೇಡಿ. ಕೆಲಸ ಬಳಕೆಗೆ ಬಂದು ಎರಡು ಮೂರು ವಾರ ಕಳೆಯಲಿ. ಬರೆಯಿರಿ ಎನ್ನುವ ಬದಲು ಅಂಗಡಿ ಬಿಡುವಾಗಿರುವ ಹೊತ್ತಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ಮೊದಲು ಏನು ತೊಂದರೆ ಇತ್ತು? ಈಗ ಏನು ಬದಲಾಗಿದೆ? ನನಗೆ ಕೆಲಸ ಕೊಡುವ ಮುನ್ನ ಯಾವ ಅನುಮಾನ ಇತ್ತು? ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಹೊಸ ಗಿರಾಕಿಯ ತಲೆಯಲ್ಲಿಯೂ ಸಾಮಾನ್ಯವಾಗಿ ಇರುವುದು ಅದೇ ಅನುಮಾನ. ಹೀಗೆ ಕೇಳಿದಾಗ ವ್ಯಾಪಾರಿಯ ಉತ್ತರ ಹೀಗಿರಬಹುದು:

‘ಮೊದ್ಲ ಮಂದಿ ಫೋನ್ ಹಚ್ಚಿ ಒಂದೊಂದಕ್ಕೂ ರೇಟ್ ಕೇಳತಿದ್ರು. ಈಗ ಕ್ಯಾಟಲಾಗ್ ನೋಡಿ ಸೀದಾ ಆರ್ಡರ್ ಹೇಳ್ತಾರ್ರೀ. ಊರಿಗೆ ಬಾರದ ಮನಷ್ಯಾ ಟೈಮಿಗೆ ಕೊಡತಾನೋ ಇಲ್ಲೋ ಅಂತಿದ್ದೆ, ಹೇಳಿದ ದಿನಾನ ಕೊಟ್ರು.’

ಇದು ಟೆಸ್ಟಿಮೋನಿಯಲ್. ಇದನ್ನು ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ಐದು ಗಿರಾಕಿಗಳ ಮಾತೂ ಒಂದೇ ಧಾಟಿಯಲ್ಲಿದ್ದರೆ ಎಲ್ಲವನ್ನೂ ನೀವೇ ಬರೆದಿದ್ದೀರಿ ಎಂದು ಓದುವವರಿಗೆ ಗೊತ್ತಾಗುತ್ತದೆ. ಇಂಗ್ಲಿಷ್ ಗಿರಾಕಿಗಳಿಗಾಗಿ ಅನುವಾದ ಬೇಕಿದ್ದರೆ ಮೂಲದ ಕೆಳಗೆ ಹಾಕಿ. ಉದ್ದವಾದರೆ ಕತ್ತರಿಸಬಹುದು, ಸೇರಿಸಬಾರದು. ಕತ್ತರಿಸಿದ್ದನ್ನು ಅವರಿಗೆ ಕಳಿಸಿ, ಹೆಸರು, ಅಂಗಡಿ, ಊರು ಹಾಕಲು ವಾಟ್ಸ್ಆ್ಯಪ್‌ನಲ್ಲೇ ಒಪ್ಪಿಗೆ ಪಡೆದು ಇಟ್ಟುಕೊಳ್ಳಿ. ಬರೀ ಇನಿಶಿಯಲ್ ಹಾಕಿ ‘ಎಸ್. ಪಿ., ಹಾವೇರಿ’ ಎಂದರೆ ಯಾರೂ ನಂಬುವುದಿಲ್ಲ.

ಆದರೂ ಈ ಮಾತನ್ನು ಹಾಕುವವರು ನೀವೇ. ಪರಿಶೀಲಿಸಲು ಆಗುವಂಥದ್ದು ಪಕ್ಕದಲ್ಲಿರಬೇಕು. ಲಿಂಕ್ಡ್‌ಇನ್ ಶಿಫಾರಸು ಆ ಕೆಲಸ ಮಾಡುತ್ತದೆ. ಬರೆದವರ ಖಾತೆಯಿಂದಲೇ ಅದು ಬರುತ್ತದೆ, ಅವರ ಹೆಸರು ಒತ್ತಿದರೆ ಅವರ ಪ್ರೊಫೈಲ್ ತೆರೆಯುತ್ತದೆ. ಮೆಣಸಿನಕಾಯಿ ವ್ಯಾಪಾರಿ ಅಲ್ಲಿ ಇಲ್ಲದಿರಬಹುದು. ಹಾಗಾಗಿ ನೀವು ಬ್ರೋಷರ್ ಮಾಡಿಕೊಟ್ಟ ಧಾರವಾಡದ ಸಂಸ್ಥೆಯ ಮ್ಯಾನೇಜರ್ ಅವರನ್ನು ಕೇಳಿ. ಅವರು ನಿಮ್ಮ ನೇರ ಕನೆಕ್ಷನ್ ಆಗಿರಬೇಕು. ಅವರ ಪ್ರೊಫೈಲ್‌ನಲ್ಲಿ More ಒತ್ತಿ, Request a recommendation ಆರಿಸಿ. ಅಲ್ಲಿರುವ ಸಿದ್ಧ ಸಂದೇಶ ಅಳಿಸಿ, ಯಾವ ಕೆಲಸದ ಬಗ್ಗೆ ಬರೆಯಬೇಕೆಂದು ಒಂದು ಸಾಲಿನಲ್ಲಿ ಹೇಳಿ. ಬಂದದ್ದನ್ನು ನೀವು ತಿದ್ದಲಾಗದು. ಬದಲಾವಣೆ ಕೋರಬಹುದು, ಬೇಡವಾದರೆ ಮರೆಮಾಡಬಹುದು.

ಪೋರ್ಟ್‌ಫೋಲಿಯೊದಲ್ಲಿ ‘ಗ್ರಾಹಕರ ಅಭಿಪ್ರಾಯಗಳು’ ಎಂಬ ಬೇರೆ ಪುಟ ಮಾಡಿದರೆ ಅಲ್ಲಿಗೆ ಹೋಗುವವರು ಕಡಿಮೆ. ಲೇಬಲ್ ಚಿತ್ರದ ಕೆಳಗೇ ವ್ಯಾಪಾರಿಯ ಮಾತು, ಬ್ರೋಷರ್ ಕೆಳಗೆ ಮ್ಯಾನೇಜರ್ ಬರೆದ ಎರಡು ಸಾಲು ಮತ್ತು ಪೂರ್ತಿ ಶಿಫಾರಸಿನ ಲಿಂಕ್ ಇರಲಿ. ಹೊಸ ಗಿರಾಕಿ ವ್ಯಾಪಾರಿಯ ನಂಬರ್ ಕೇಳಿದರೆ ತಕ್ಷಣ ಕೊಡಬೇಡಿ, ಮೊದಲು ಅವರನ್ನು ಕೇಳಿ. ಹೆಸರು ಹಾಕಲು ಒಪ್ಪಿದವರೆಲ್ಲ ಫೋನ್ ಎತ್ತಲೂ ಒಪ್ಪಿರುತ್ತಾರೆ ಎಂದೇನಿಲ್ಲ.