ಆ ದೊಡ್ಡ ಬಿಡ್ ನಿಜವೇ? ತೆಳು ಜೋಡಿಯ ಆರ್ಡರ್ ಬುಕ್ ಓದುವ ಬಗೆ

ರೂಪಾಯಿಯಲ್ಲಿ ವಹಿವಾಟಾಗುವ ಸಣ್ಣ ಕ್ರಿಪ್ಟೊ ಟೋಕನ್ ಒಂದನ್ನು ಮಾರಲು ಹೊರಟಿದ್ದೀರಿ ಎಂದುಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ ಕೊಳ್ಳುವ, ಮಾರುವ ಆರ್ಡರ್‌ಗಳ ಪಟ್ಟಿಯಾದ ಆರ್ಡರ್ ಬುಕ್ ತೆರೆದರೆ, ಕೊಳ್ಳುವವರ ಕಡೆ ನೂರು, ನೂರೈವತ್ತು ಟೋಕನ್‌ಗಳ ಆರ್ಡರ್‌ಗಳ ಕೆಳಗೆ ಒಂಬತ್ತು ಸಾವಿರ ಟೋಕನ್ ಕೊಳ್ಳುವ ಆರ್ಡರ್, ಅಂದರೆ ಬಿಡ್, ಗೋಡೆಯಂತೆ ನಿಂತಿದೆ. ಇಷ್ಟು ದೊಡ್ಡ ಗಿರಾಕಿ ಕಾದಿರುವಾಗ ಬೆಲೆ ಇದಕ್ಕಿಂತ ಕೆಳಗೆ ಹೋಗಲಿಕ್ಕಿಲ್ಲ ಎಂದು ಧೈರ್ಯ ಬರುತ್ತದೆ. ಆ ಧೈರ್ಯ ಬರಲೆಂದೇ ಗೋಡೆ ಕಟ್ಟುವವರಿದ್ದಾರೆ.  ಇಟ್ಟ ಬಿಡ್‌ಗೆ ಯಾರೂ ಬದ್ಧರಲ್ಲ, ಮಾರಾಟ ಆಗುವ ಮೊದಲಿನ ಕ್ಷಣದವರೆಗೂ ಆರ್ಡರ್ ರದ್ದು ಮಾಡಬಹುದು.

ನಮ್ಮ ರೂಪಾಯಿ ಜೋಡಿಗಳಲ್ಲಿ, ಅಂದರೆ ರೂಪಾಯಿಗೆ ಟೋಕನ್ ಕೊಂಡು ಮಾರುವ ಪೇಟೆಗಳಲ್ಲಿ, ಇದಕ್ಕೆ ಜಾಗ ಹೆಚ್ಚು. 2022ರ ಜುಲೈ 1ರಿಂದ ಕ್ರಿಪ್ಟೊ ಮಾರಾಟದ ಮೊತ್ತದ ಮೇಲೆ ಶೇ 1ರಷ್ಟು ಟಿಡಿಎಸ್ ಮುರಿಯುತ್ತಾರೆ. ದಿನಕ್ಕೆ ನೂರಾರು ಸಲ ಕೊಂಡು ಮಾರಿ ಬುಕ್ ತುಂಬಿಸುವವರಿಗೆ ಇದು ಭಾರ. ಅಂಥವರು ದೂರ ಸರಿದು ಆರ್ಡರ್ ವಿರಳವಾದ ತೆಳು ಜೋಡಿಯಲ್ಲಿ ಕೆಲವೇ ಲಕ್ಷ ರೂಪಾಯಿ ಇಟ್ಟವನೂ ದೊಡ್ಡ ಕುಳವಾಗಿ ಕಾಣುತ್ತಾನೆ.

ಲೆಕ್ಕಕ್ಕೆ ಹೀಗೊಂದು ಬುಕ್ ಇಟ್ಟುಕೊಳ್ಳೋಣ. ಎಡಗಡೆ ಬೆಲೆ, ಬಲಗಡೆ ಟೋಕನ್ ಸಂಖ್ಯೆ. ಮೇಲಿನ ಮೂರು ಸಾಲು ಮಾರುವವರದು, ಕೆಳಗಿನವು ಕೊಳ್ಳುವವರದು.

```
40.60    180
40.45     90
40.30    120
------------
39.90    110
39.75    150
39.60     85
39.20   9000
38.10     60
36.50    100
```

ಮೊದಲು ಪರದೆಯನ್ನೇ ಪರೀಕ್ಷಿಸಿ. ಬುಕ್‌ನ ಮೂಲೆಯಲ್ಲಿ `0.01`, `0.1`, `1` ಎಂಬ ಆಯ್ಕೆ ಇರುತ್ತದೆ. ಅದು 1ರಲ್ಲಿದ್ದರೆ ಒಂದು ರೂಪಾಯಿ ಅಂತರದೊಳಗಿನ ಆರ್ಡರ್‌ಗಳೆಲ್ಲ ಒಂದೇ ಸಾಲಿನಲ್ಲಿ ಕೂಡಿಕೊಂಡು, ಇಲ್ಲದ ಗೋಡೆ ಕಾಣಿಸುತ್ತದೆ. ಅತಿ ಸಣ್ಣ ಅಂತರಕ್ಕೆ ಇಳಿಸಿ ನೋಡಿ. 9000 ಚದುರಿಹೋದರೆ ಅದು ಗೋಡೆಯಲ್ಲ, ಹಲವರ ಸಣ್ಣ ಆರ್ಡರ್‌ಗಳು. ಹಾಗೆಯೇ ಉಳಿದರೆ ಮುಂದಕ್ಕೆ ಹೋಗೋಣ.

ಗೋಡೆ ಇಲ್ಲವೆಂದುಕೊಂಡು ನಿಮ್ಮ ಮಾರಾಟದ ಲೆಕ್ಕ ಹಾಕಿ. ನಿಮ್ಮಲ್ಲಿ 500 ಟೋಕನ್ ಇದೆ. ಮಾರುವ ಮತ್ತು ಕೊಳ್ಳುವ ಕಡೆಯ ಉತ್ತಮ ಬೆಲೆಗಳ ನಡುಮಟ್ಟ 40.10, ಅಂದರೆ ಕಾಗದದ ಮೇಲೆ ನಿಮ್ಮ ಮಾಲು 20,050 ರೂಪಾಯಿಯದು. ಸಿಕ್ಕ ಬೆಲೆಗೆ ತಕ್ಷಣ ಮಾರುವ ಮಾರ್ಕೆಟ್ ಆರ್ಡರ್ ಹಾಕಿದರೆ ಮೊದಲ ಮೂರು ಬಿಡ್‌ಗಳು 345 ಟೋಕನ್ ನುಂಗುತ್ತವೆ. ಉಳಿದ 155 ಗೋಡೆಗೆ ಬಿದ್ದರೆ ಒಟ್ಟು 19,793 ರೂಪಾಯಿ ಕೈಗೆ ಬರುತ್ತದೆ. ಅದೇ ಹೊತ್ತಿಗೆ ಗೋಡೆ ಮಾಯವಾದರೆ 60 ಟೋಕನ್ 38.10ಕ್ಕೂ 95 ಟೋಕನ್ 36.50ಕ್ಕೂ ಹೋಗಿ, ಸಿಗುವುದು 19,471. ಮೊದಲ ಲೆಕ್ಕದಲ್ಲಿ ನಷ್ಟ 257 ರೂಪಾಯಿ, ಎರಡನೆಯದರಲ್ಲಿ 579. ಶುಲ್ಕ, ಟಿಡಿಎಸ್ ಬೇರೆ. ತೆಳು ಜೋಡಿಯಲ್ಲಿ ನಾನು ನಂಬುವುದು ಎರಡನೆಯ ಲೆಕ್ಕವನ್ನು ಮಾತ್ರ.

ಗೋಡೆಯ ಮುಂದೆ ಎಷ್ಟು ಕಾವಲಿದೆ ಎಂದು ಎಣಿಸಿ. ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಹೆಚ್ಚು ಬೆಲೆಯ ಬಿಡ್‌ಗಳು ಮೊದಲು ಭರ್ತಿಯಾಗಬೇಕು ಎಂಬುದು ಬುಕ್‌ನ ನಿಯಮ. ಹಾಗಾಗಿ 39.20ಕ್ಕೇ ಮಾರುತ್ತೇನೆ ಎಂದು ನೀವು ಹಟ ಹಿಡಿದರೂ, ಮೇಲಿನ 345 ಟೋಕನ್ ಮುಗಿಯದೆ ಗೋಡೆಯನ್ನು ಮುಟ್ಟಲಾಗದು. ಯಾರದೋ ಆ ಮೂರು ಸಣ್ಣ ಆರ್ಡರ್‌ಗಳೇ ಗೋಡೆ ಕಟ್ಟಿದವನ ಗುರಾಣಿ. ಅವು ಕರಗುತ್ತಾ ಬಂದರೆ ಅವನಿಗೆ ಮುನ್ಸೂಚನೆ ಸಿಗುತ್ತದೆ, ಆರ್ಡರ್ ಎತ್ತಿ ಇನ್ನೂ ಕೆಳಗೆ ಇಡುತ್ತಾನೆ. ಸುಳ್ಳು ಗೋಡೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಇರುವುದು ಅಪರೂಪ, ಎರಡು ಮೂರು ಮೆಟ್ಟಿಲು ಹಿಂದೆ ಇರುತ್ತದೆ. ಇನ್ನೊಂದು ಮಾತು: ಆ ಗೋಡೆಯ ಮೊತ್ತ 3,52,800 ರೂಪಾಯಿ. ಇಂಥ ಬುಕ್‌ನಲ್ಲಿ ಅಷ್ಟು ನಿಜವಾಗಿ ಕೊಳ್ಳಬೇಕಾದವನು ಅದನ್ನು ಒಟ್ಟಿಗೆ ತೋರಿಸಿಕೊಳ್ಳಲಾರ. ತೋರಿಸಿದ ಕೂಡಲೇ ಉಳಿದವರು ಬೆಲೆ ಏರಿಸುತ್ತಾರೆ, ಅವನಿಗೇ ದುಬಾರಿ.

ಇಪ್ಪತ್ತು ನಿಮಿಷ ಕೂತು ಬರೆದುಕೊಳ್ಳಿ. ಅರ್ಧ ನಿಮಿಷಕ್ಕೊಮ್ಮೆ ಮೂರು ಸಂಗತಿ ಸಾಕು: ಉತ್ತಮ ಬಿಡ್, ಗೋಡೆಯ ಬೆಲೆ, ಗೋಡೆಯ ಗಾತ್ರ. ಪಕ್ಕದಲ್ಲಿ ಅದೇ ಟೋಕನ್‌ನ ಡಾಲರ್ ಬೆಲೆಯನ್ನೂ ಬರೆಯಿರಿ. ದೊಡ್ಡ ಎಕ್ಸ್‌ಚೇಂಜ್‌ನ ಡಾಲರ್ ಬೆಲೆಗೆ ಕಟ್ಟಿದ ಟೋಕನ್ ಆದ USDTಯ ಜೋಡಿಯಲ್ಲಿ ಅದು 0.445 ಇದ್ದು, ನಿಮ್ಮ ಎಕ್ಸ್‌ಚೇಂಜ್‌ನಲ್ಲಿ ಒಂದು USDT 90 ರೂಪಾಯಿ ಎಂದಾದರೆ, ಟೋಕನ್‌ನ ಹೊರಗಿನ ಬೆಲೆ 40.05. ಬ್ಯಾಂಕಿನ ಡಾಲರ್ ದರ ಹಿಡಿಯಬೇಡಿ. ನಮ್ಮಲ್ಲಿ USDT ಬೆಲೆ ಅದಕ್ಕಿಂತ ಬೇರೆಯೇ ಇರುತ್ತದೆ.

ಹೊರಗಿನ ಬೆಲೆ ಯಾಕೆ ಬೇಕೆಂದರೆ, ಕೊಳ್ಳುವ, ಮಾರುವ ಎರಡೂ ಕಡೆ ಆರ್ಡರ್ ಇಡುವ ಪ್ರಾಮಾಣಿಕ ಮಾರ್ಕೆಟ್ ಮೇಕರ್‌ನ ಆರ್ಡರ್ ಕೂಡ ಸದಾ ಸರಿದಾಡುತ್ತದೆ. ಹೊರಗೆ ಬೆಲೆ ಇಳಿದರೆ ಅವನು ಬಿಡ್ ಇಳಿಸಲೇಬೇಕು. ಸರಿದದ್ದಕ್ಕೇ ಯಾರನ್ನೂ ಕಳ್ಳ ಎನ್ನಲಾಗದು. ಆದರೆ ಹೊರಗೆ 40.05 ಹಾಗೇ ಇರುವಾಗ, ಇಲ್ಲಿ ಯಾರೋ 260 ಟೋಕನ್ ಮಾರಿ ಉತ್ತಮ ಬಿಡ್ 39.60ಕ್ಕೆ ಇಳಿದ ಕೂಡಲೇ ಗೋಡೆ 39.20ರಿಂದ 38.90ಕ್ಕೆ ಜಾರಿದರೆ, ಅದು ಬೆಲೆಯನ್ನು ಹಿಂಬಾಲಿಸುತ್ತಿಲ್ಲ, ಮಾರುವವರಿಂದ ತಪ್ಪಿಸಿಕೊಳ್ಳುತ್ತಿದೆ. ಅಗ್ಗಕ್ಕೆ ಸಿಗುವ ಹೊತ್ತಿಗೆ ಓಡುವ ಗಿರಾಕಿ ಗಿರಾಕಿಯಲ್ಲ.

ಗಾತ್ರ ಕಡಿಮೆಯಾದರೆ ವಹಿವಾಟಿನ ಪಟ್ಟಿಯೊಂದಿಗೆ ತಾಳೆ ನೋಡಿ. ಆರ್ಡರ್ ಕರಗುವುದು ಎರಡೇ ದಾರಿಯಲ್ಲಿ: ಭರ್ತಿಯಾಗಿ, ಇಲ್ಲವೇ ರದ್ದಾಗಿ. 9000 ಇದ್ದದ್ದು 8700 ಆಗಿ, ಪಟ್ಟಿಯಲ್ಲಿ 39.20ಕ್ಕೆ 300 ಟೋಕನ್ ಮಾರಾಟ ಕಂಡರೆ ಆ ಗೋಡೆ ಏಟು ತಿಂದೂ ನಿಂತಿದೆ, ನಂಬಬಹುದು. ಸೊನ್ನೆಯಾಗಿ, ಪಟ್ಟಿಯಲ್ಲಿ 39.20ರ ಸುಳಿವೇ ಇಲ್ಲದಿದ್ದರೆ ಎತ್ತಿಕೊಂಡು ಹೋಗಿದ್ದಾರೆ.

ಕೊನೆಗೆ ಎದುರು ಬದಿಗೆ ಕಣ್ಣು ಹಾಯಿಸಿ. ಕೊಳ್ಳುವ ಕಡೆ ಗೋಡೆ ಕಟ್ಟುವವನಿಗೆ ಸಾಮಾನ್ಯವಾಗಿ ಬೇಕಿರುವುದು ಮಾರಾಟ. ನಮ್ಮ ಬುಕ್‌ನಲ್ಲಿ 40.30ರ 120 ಟೋಕನ್ ಮೇಲೆ ಗಮನವಿಡಿ. ಗೋಡೆ ನೋಡಿ ಧೈರ್ಯಗೊಂಡವರು 30, 40 ಎಂದು ಕೊಳ್ಳುತ್ತಾರೆ, ಪಟ್ಟಿಯಲ್ಲಿ ಹಸಿರು ಸಾಲು ಬೀಳುತ್ತದೆ. 120 ಇದ್ದದ್ದು 80 ಆಗುತ್ತದೆ, ಮರುಕ್ಷಣ ಮತ್ತೆ 120. ಹೀಗೆ ಹತ್ತು ಸಲ ತುಂಬಿಕೊಂಡರೆ ಅಲ್ಲಿ ಯಾರೋ ದೊಡ್ಡ ರಾಶಿಯನ್ನು ಚಿಟಿಕೆ ಚಿಟಿಕೆಯಾಗಿ ಇಳಿಸುತ್ತಿದ್ದಾರೆ. ಕೆಳಗಿನ ಗೋಡೆ ಮತ್ತು ಮೇಲಿನ ಈ ಬತ್ತಿಹೋಗದ ಆರ್ಡರ್ ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಹೋದರೆ ನನ್ನ ಅನುಮಾನ ಗಟ್ಟಿಯಾಗುತ್ತದೆ. ಸಾಬೀತಾಯಿತು ಎನ್ನಲಾರೆ, ಯಾವ ಆರ್ಡರ್ ಯಾರದು ಎಂದು ಬುಕ್ ಹೇಳುವುದಿಲ್ಲ. ಮಾರುವ ಕಡೆಯ ಗೋಡೆಯಾದರೆ ಇದೇ ಆಟ ತಿರುಗುಮುರುಗು: ಹೆದರಿ ಮಾರುವವರಿಂದ ಅಗ್ಗಕ್ಕೆ ಕೊಳ್ಳುವುದು.

ಈ ತಂತ್ರಕ್ಕೆ ಸ್ಪೂಫಿಂಗ್ ಎಂದು ಹೆಸರು. ಲಂಡನ್‌ನ ಮನೆಯಿಂದ ಅಮೆರಿಕದ ಎಸ್ ಆ್ಯಂಡ್ ಪಿ ಫ್ಯೂಚರ್ಸ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ನವಿಂದರ್ ಸರಾವ್ ಹೀಗೆಯೇ ಉತ್ತಮ ಬೆಲೆಯಿಂದ ಕೆಲವು ಮೆಟ್ಟಿಲು ದೂರದಲ್ಲಿ ದೊಡ್ಡ ಆರ್ಡರ್‌ಗಳನ್ನಿಟ್ಟು, ಬೆಲೆಯ ಜೊತೆ ತಂತ್ರಾಂಶದಿಂದ ಸರಿಸುತ್ತಿದ್ದ. 2016ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ನಮ್ಮ ಷೇರುಪೇಟೆಯಲ್ಲಿ ಇಂಥದ್ದನ್ನು ಸೆಬಿ ಹಿಡಿಯುತ್ತದೆ. ಕ್ರಿಪ್ಟೊ ಕೊಡುಕೊಳ್ಳುವಿಕೆ ಸೆಬಿಯ ಕೈಗೆ ಬಂದಿಲ್ಲವಾದ್ದರಿಂದ ಇಲ್ಲಿ ಕಾವಲು ನಿಮ್ಮದೇ.

ಹಾಗಾದರೆ ಆ 500 ಟೋಕನ್ ಮಾರುವುದು ಹೇಗೆ? ಮಾರ್ಕೆಟ್ ಆರ್ಡರ್ ಬೇಡ. 100 ಟೋಕನ್‌ಗೆ ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎನ್ನುವ 39.90ರ ಲಿಮಿಟ್ ಆರ್ಡರ್ ಹಾಕಿ, ಮೇಲಿನ ಬಿಡ್‌ಗೆ ಅದು ಸೇರಿಹೋಗುತ್ತದೆ. ಆ ಜಾಗ ಮತ್ತೆ ತುಂಬುತ್ತದೆಯೇ ಎಂದು ಹತ್ತು ನಿಮಿಷ ನೋಡಿ. ತುಂಬಿದರೆ ಇನ್ನೊಂದು 100. ತುಂಬದಿದ್ದರೆ ಉಳಿದದ್ದನ್ನು 40.25ಕ್ಕೆ ಮಾರುವ ಕಡೆ ಇಟ್ಟು ಕಾಯಿರಿ, 40.30ರವನಿಗಿಂತ ಮುಂದೆ ನೀವಿರುತ್ತೀರಿ, ಗೋಡೆ ನೋಡಿ ಕೊಳ್ಳಲು ಬರುವವರು ಮೊದಲು ನಿಮ್ಮದನ್ನೇ ಕೊಳ್ಳುತ್ತಾರೆ.