ಕೆಲಸ ಬಿಡೋ ಮೊದಲು ನಾನು ಹಾಕಿದ ಲೆಕ್ಕ

ತುಮಕೂರಿನಲ್ಲಿ ಮರದ ಗಾಣ ಹಾಕಿ ಕಡಲೆಕಾಯಿ ಎಣ್ಣೆ ಮಾರುತ್ತೇನೆ. ಮೊದಲು ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಹಳೇ ಆಫೀಸಿನವರು ಈಗಲೂ ಕೇಳುವ ಪ್ರಶ್ನೆ ಒಂದೇ: "ಲಾಭ ಬರ್ತಾ ಇದೆ, ಕೆಲಸ ಬಿಡ್ಲಾ ಸಾರ್?"

ಹಾಕಿದ ದುಡ್ಡು ಎಷ್ಟು ದಿನಕ್ಕೆ ಕೈಗೆ ವಾಪಸ್ ಬರುತ್ತೆ ಅಂತ ನಾನು ಮೊದಲು ಕೇಳುತ್ತೇನೆ.

ನನ್ನ ಲೆಕ್ಕವನ್ನೇ ನೋಡಿ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಕಡಲೆಬೀಜ ಬೇಕು. ಕೆಜಿಗೆ 120 ರೂಪಾಯಿಯಂತೆ 300 ಆಯಿತು. ಹಿಂಡಿ ಮಾರಿದರೆ 56 ರೂಪಾಯಿ ವಾಪಸ್. ಬಾಟಲಿ, ಕರೆಂಟು, ಆಳಿನ ಕೂಲಿ ಸೇರಿ 46. ಅಲ್ಲಿಗೆ ಅಸಲು 290. ಅಂಗಡಿಗೆ 330ಕ್ಕೆ ಕೊಟ್ಟರೆ ಲೀಟರಿಗೆ 40 ಉಳಿಯುತ್ತದೆ. ತಿಂಗಳಿಗೆ 500 ಲೀಟರ್ ಅಂದರೆ 20,000. ಬಾಡಿಗೆ 9,000 ಕಳೆದರೆ 11,000. ಅಂಗಡಿಯವರು ದುಡ್ಡು ಕೊಡುವುದು 45 ದಿನಕ್ಕೆ. ಅಷ್ಟರಲ್ಲಿ ನನ್ನ ಎರಡು ಲಕ್ಷದ ಮೇಲೆ ಅವರ ಹತ್ತಿರ ಸಿಕ್ಕಿಕೊಂಡಿರುತ್ತದೆ. ಕಡಲೆಕಾಯಿ ಕೊಯ್ಲಿನ ಸಮಯದಲ್ಲಿ ಚಳ್ಳಕೆರೆ ಮಂಡಿಯಲ್ಲಿ ಒಳ್ಳೇ ಬೀಜ ಸಿಗುತ್ತದೆ, ಆದರೆ ಅಲ್ಲಿ ನನಗೆ ಯಾರೂ ಸಾಲಕ್ಕೆ ಕೊಡುತ್ತಿರಲಿಲ್ಲ. ಆಗ ಸಂಬಳವೇ ಬಂಡವಾಳವಾಗಿತ್ತು.

ಅದೇ ಎಣ್ಣೆಯನ್ನು ಮನೆಗಳಿಗೆ ನೇರವಾಗಿ 380ಕ್ಕೆ ಕೊಟ್ಟರೆ ಲೀಟರಿಗೆ 90 ಉಳಿಯುತ್ತದೆ, ದುಡ್ಡು ಅವತ್ತೇ ಬರುತ್ತದೆ. 500 ಲೀಟರಿಗೆ ಬಾಡಿಗೆ ಕಳೆದು 36,000. ನಮ್ಮ ಮನೆ ಖರ್ಚು 32,000. ಒಂದು ಮನೆಗೆ ತಿಂಗಳಿಗೆ ಮೂರು ಲೀಟರ್ ಹಿಡಿದರೆ 170 ಮನೆ ಬೇಕು. ಅದೂ ರುಚಿ ನೋಡೋಕೆ ಒಂದ್ಸಲ ತಗೊಂಡವರಲ್ಲ, ಮತ್ತೆ ಮತ್ತೆ ಕೇಳುವವರು. ಅಷ್ಟು ಮನೆ ಸಿಗುವವರೆಗೂ ರಾಜೀನಾಮೆ ಕೊಡಲಿಲ್ಲ.

"ಹಾಗಾದ್ರೆ ಶನಿವಾರ, ಭಾನುವಾರ ಮಾತ್ರ ಮಾಡಿಕೊಂಡಿದ್ರೆ ಸಾಕಲ್ವಾ?" ಸಾಲದು. ಒಂದು ಗಾಣಕ್ಕೆ ಸುಮಾರು 16 ಕೆಜಿ ಬೀಜ ಹಾಕುತ್ತೇವೆ, ಒಂದೂವರೆ ಗಂಟೆ ಹಿಡಿಯುತ್ತದೆ. ಎರಡೇ ದಿನ ಓಡಿಸಿದರೆ ತಿಂಗಳಿಗೆ 300 ಲೀಟರ್ ದಾಟುವುದಿಲ್ಲ. ಅದಕ್ಕೆ ವಾರದ ದಿನಗಳಿಗೆ ಒಬ್ಬ ಆಳು ಇಟ್ಟೆ. ಹೊರಗಿನ ವ್ಯವಹಾರ ಮಾಡಬಾರದು ಅಂತ ಆಫರ್ ಲೆಟರಿನಲ್ಲಿ ಇದ್ದದ್ದರಿಂದ ಲೈಸೆನ್ಸು ಅಮ್ಮನ ಹೆಸರಿನಲ್ಲಿ ಮಾಡಿಸಿ, ಎಚ್‌ಆರ್‌ಗೂ ಬರೆದು ತಿಳಿಸಿದೆ. ಅಮ್ಮನ ಹೆಸರಿಗೆ ಮಾಡಿದ ಮಾತ್ರಕ್ಕೆ ಸುಮ್ನೆ ಇರಬೇಡಿ, ಅಷ್ಟಕ್ಕೇ ಕೈ ತೊಳೆದುಕೊಂಡ ಹಾಗೆ ಆಗೋದಿಲ್ಲ.

ಯಾವ ತಿಂಗಳು ಬಿಡೋದು ಅನ್ನೋದೂ ಮುಖ್ಯ. ಕಾಯಂ ನೌಕರರಿಗೆ ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಬರುತ್ತದೆ. ಮೂಲ ವೇತನ ಮತ್ತು ಡಿಎ ಸೇರಿ 26,000 ಇದ್ದರೆ ವರ್ಷಕ್ಕೆ 15,000ದಂತೆ 75,000. ನಾಲ್ಕೂವರೆ ವರ್ಷಕ್ಕೆ ಬೇಜಾರಾಗಿ ಎದ್ದು ಬಂದರೆ ಅಷ್ಟು ಬೀಜದ ದುಡ್ಡು ಹೋಯಿತು. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಮನೆಯವರಿಗೆ ಬೇರೆ ಪಾಲಿಸಿಯನ್ನು ಸಂಬಳ ಬರುತ್ತಿರುವಾಗಲೇ ತೆಗೆದುಕೊಳ್ಳಿ. ಅಮ್ಮನ ಶುಗರಿನಂಥ ಹಳೇ ಕಾಯಿಲೆಗೆ ಇರುವ ಕಾಯುವ ಅವಧಿ, ನೀವು ಆಫೀಸಿನಲ್ಲಿರುವಾಗಲೇ ಕಳೆಯುತ್ತಾ ಬರುತ್ತದೆ.